ವಿದೇಶಿ ಇಂಟರ್ನ್‌ಶಿಪ್‌ಗೆ ಧನಸಹಾಯ: ವಾರಗಳ ಲೆಕ್ಕ, ಬಜೆಟ್ ಸಮರ್ಥನೆ ಮತ್ತು ಶಿಫಾರಸು ಪತ್ರದ ಸಮಯ

ವಿದೇಶದ ಲ್ಯಾಬ್‌ನಿಂದ "ಬನ್ನಿ, ಜಾಗ ಇದೆ" ಎಂಬ ಮೇಲ್ ಬಂದ ಕೂಡಲೇ ಮಕ್ಕಳು ಓಡಿ ಬಂದು ಕೇಳುವುದು, "ಸರ್, ಯಾವ ಸ್ಕಾಲರ್‌ಶಿಪ್‌ಗೆ ಹಾಕಲಿ?" ಎಂದು. ನಾನು ಮೊದಲು ಕೇಳುವುದು, "ಎಷ್ಟು ವಾರ?" ಎಂದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಪಾಠ ಮಾಡುತ್ತಾ, ಇಂಥ ಅರ್ಜಿಗಳನ್ನು ಓದುತ್ತಾ, ಶಿಫಾರಸು ಪತ್ರ ಬರೆಯುತ್ತಾ ನನಗೆ ಮನದಟ್ಟಾದ ವಿಷಯ ಒಂದಿದೆ. ಆಹ್ವಾನ ಪತ್ರ, ಕೆಲಸದ ಯೋಜನೆ, ಬಜೆಟ್, ಶಿಫಾರಸು ಪತ್ರ ಈ ನಾಲ್ಕೂ ಒಂದೇ ಅವಧಿಯನ್ನು ಹೇಳಬೇಕು. ಆಹ್ವಾನದಲ್ಲಿ "ಮಾರ್ಚ್‌ನಿಂದ ಮೇ", ಯೋಜನೆಯಲ್ಲಿ 10 ವಾರ, ಬಜೆಟ್‌ನಲ್ಲಿ 3 ತಿಂಗಳು, ಗೈಡ್ ಪತ್ರದಲ್ಲಿ "ಎರಡು ತಿಂಗಳ ಇಂಟರ್ನ್‌ಶಿಪ್" ಎಂದಿದ್ದರೆ, ಓದುವ ಸಮಿತಿಗೆ ವಿದ್ಯಾರ್ಥಿಯ ಯೋಗ್ಯತೆಗಿಂತ ಮೊದಲು ಆ ಗೊಂದಲವೇ ಕಣ್ಣಿಗೆ ಬೀಳುತ್ತದೆ.

ಇಡೀ ಪ್ರಕ್ರಿಯೆಯನ್ನು ಒಂದು ಉದಾಹರಣೆಯ ಮೂಲಕವೇ ಹೇಳುತ್ತೇನೆ. ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುವ, ವಿಟಿಯು ಕಾಲೇಜೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ ಎಂದುಕೊಳ್ಳಿ. ಜರ್ಮನಿಯ ಡ್ರೆಸ್ಡೆನ್‌ನ ಒಂದು ವಿಶ್ವವಿದ್ಯಾಲಯದ ಲ್ಯಾಬ್ ಅವಳನ್ನು 2027ರ ಮಾರ್ಚ್‌ಗೆ ಕರೆದಿದೆ, ತಿಂಗಳಿಗೆ 450 ಯೂರೋ ಕೊಡುತ್ತೇವೆ ಎಂದಿದೆ. ಉಳಿದ ಹಣಕ್ಕೆ ಅವಳು ಒಂದು ಟ್ರಸ್ಟ್‌ಗೆ ಅರ್ಜಿ ಹಾಕುತ್ತಾಳೆ, ಕೊನೆಯ ದಿನ 2026ರ ಅಕ್ಟೋಬರ್ 15. ವಿದ್ಯಾರ್ಥಿನಿ, ಟ್ರಸ್ಟ್ ಎರಡೂ ವಿವರಣೆಗಾಗಿ ಮಾಡಿಕೊಂಡದ್ದು.

ಮೊದಲು ಯಾವ ಬಗೆಯ ಹಣ ಎಂದು ತಿಳಿದುಕೊಳ್ಳಿ

ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ವೈಸ್, ಕೆನಡಾದ ಮಿಟ್ಯಾಕ್ಸ್ ಗ್ಲೋಬಲಿಂಕ್, ಫ್ರಾನ್ಸ್‌ನ ಚಾರ್ಪಾಕ್ ಇವೆಲ್ಲ ಇಷ್ಟು ಮೊತ್ತ ಎಂದು ಮೊದಲೇ ನಿಗದಿ ಮಾಡಿ ಕೊಡುವ ಯೋಜನೆಗಳು. ಯಾರು ಅರ್ಜಿ ಹಾಕಬಹುದು ಎಂಬ ನಿಯಮ ಒಂದೊಂದಕ್ಕೂ ಬೇರೆ, ಆ ವರ್ಷದ ಪ್ರಕಟಣೆಯನ್ನೇ ಓದಬೇಕು. ಸೀನಿಯರ್ ಹೇಳಿದ ಮಾತಿನ ಮೇಲೆ ಹೋಗಬೇಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಬಗ್ಗೆ ತುಂಬ ಮಕ್ಕಳು ವಿಚಾರಿಸುತ್ತಾರೆ. ಅದು ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌ಡಿ ಮಾಡುವವರಿಗೆ, ಇಂಟರ್ನ್‌ಶಿಪ್‌ಗೆ ಅಲ್ಲ.

ಎರಡನೆಯ ಬಗೆಯವು ನಿಮ್ಮಿಂದಲೇ ಬಜೆಟ್ ಕೇಳುವ ಟ್ರಸ್ಟ್‌ಗಳು, ಹಳೆಯ ವಿದ್ಯಾರ್ಥಿ ಸಂಘಗಳು, ಕಾಲೇಜಿನ ಪ್ರಯಾಣ ಅನುದಾನಗಳು. ಅಲ್ಲಿ ಪ್ರತಿ ಸಾಲಿಗೂ "ಇದು ಯಾಕೆ ಬೇಕು, ಈ ಮೊತ್ತ ಎಲ್ಲಿಂದ ಬಂತು" ಎಂದು ಬರೆಯಬೇಕಾಗುತ್ತದೆ. ಮುಂದಿನದೆಲ್ಲ ಈ ಎರಡನೆಯ ಬಗೆಯ ಬಗ್ಗೆ.

ವಾರಗಳನ್ನು ಕಟ್ಟಿಹಾಕುವುದು

ನಮ್ಮ ವಿದ್ಯಾರ್ಥಿನಿಗೆ ಎರಡು ಕಡೆಯಿಂದ ಮಿತಿ ಇದೆ. ವಿಟಿಯುನ 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್ 14ರಿಂದ 20 ವಾರ. ಆದರೆ ಜರ್ಮನಿ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಪ್ರದೇಶಕ್ಕೆ ಸೇರಿದ್ದು, ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. 14 ವಾರ ಎಂದರೆ 98 ದಿನ. ಹಾಗೆ ಬರೆದರೆ ದೀರ್ಘಾವಧಿಯ ರಾಷ್ಟ್ರೀಯ ವೀಸಾ ಬೇಕು. ಅದರ ದಾಖಲೆಗಳೂ ಬೇರೆ, ಹಿಡಿಯುವ ಕಾಲವೂ ಬೇರೆ.

ಅವಳು ಮಾಡಿಕೊಂಡ ದಾರಿ ಹೀಗಿದೆ. ಮಾರ್ಚ್ 1 ಸೋಮವಾರ ಕೆಲಸ ಶುರು, ಮೇ 21 ಶುಕ್ರವಾರ ಮುಗಿತಾಯ, ಒಟ್ಟು 12 ವಾರ. ಉಳಿದ 2 ವಾರ ಇಲ್ಲೇ ಡಿಪಾರ್ಟ್‌ಮೆಂಟ್‌ನಲ್ಲಿ ಕೂತು ಅಲ್ಲಿನ ಡೇಟಾದ ವಿಶ್ಲೇಷಣೆ ಮತ್ತು ವರದಿ. ಈ ಎರಡು ವಾರವನ್ನು ಕ್ರೆಡಿಟ್‌ಗೆ ಸೇರಿಸಿಕೊಳ್ಳುತ್ತೇವೆ ಎಂದು ಎಚ್‌ಒಡಿ ಬರವಣಿಗೆಯಲ್ಲಿ ಒಪ್ಪಬೇಕು, ಬಾಯಿಮಾತು ಸಾಲದು. ಸ್ವಾಯತ್ತ ಕಾಲೇಜಾದರೆ ನಿಯಮವೇ ಬೇರೆ ಇರಬಹುದು, ಅಲ್ಲಿನ ಡೀನ್ ಆಫೀಸಿನಲ್ಲಿ ಕೇಳಿ.

ದಿನಗಳ ಲೆಕ್ಕದಲ್ಲಿ ತಲುಪುವ ದಿನ, ಹೊರಡುವ ದಿನ ಎರಡೂ ಸೇರುತ್ತವೆ. ಫೆಬ್ರವರಿ 27 ಶನಿವಾರ ತಲುಪಿ ಮೇ 24 ಸೋಮವಾರ ಹೊರಟರೆ 87 ದಿನ. ಮೂರು ದಿನ ಕೈಯಲ್ಲಿರುತ್ತದೆ. ವಿಮಾನ ರದ್ದಾದರೆ ಆ ಮೂರು ದಿನವೇ ಕಾಪಾಡುವುದು, ಅದನ್ನು ಬರ್ಲಿನ್ ನೋಡಲು ಖರ್ಚು ಮಾಡಬೇಡಿ.

ಹಣ ಪಡೆಯುವ ಇಂಟರ್ನ್‌ಶಿಪ್‌ಗೆ ಅಲ್ಪಾವಧಿಯಾದರೂ ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕಾಗಬಹುದು. ಯಾವ ವೀಸಾ, ಯಾವ ಒಪ್ಪಿಗೆ ಎಂದು ಆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೆ ಆಗಸ್ಟ್‌ನಲ್ಲೇ ಮೇಲ್ ಮಾಡಿ ಉತ್ತರ ಇಟ್ಟುಕೊಳ್ಳಿ. ಆಮೇಲೆ ಪ್ರೊಫೆಸರ್‌ಗೆ ಬರೆದು ಆಹ್ವಾನ ಪತ್ರದಲ್ಲಿ ನಾಲ್ಕು ವಿಷಯ ಬರುವಂತೆ ಕೇಳಿ: ಶುರುವಿನ ಮತ್ತು ಕೊನೆಯ ದಿನಾಂಕ, ಕೆಲಸದ ಹೆಸರು, ಅವರು ಕೊಡುವ ಮೊತ್ತ, ಕೊಡದೇ ಇರುವುದು. ಈ ಕೊನೆಯದನ್ನು ಮಕ್ಕಳು ಕೇಳುವುದೇ ಇಲ್ಲ. "ಪ್ರಯಾಣ, ವೀಸಾ, ವಿಮೆಯ ಖರ್ಚು ನಮ್ಮಿಂದ ಸಾಧ್ಯವಿಲ್ಲ" ಎಂಬ ಒಂದು ಸಾಲು ಅವರ ಪತ್ರದಲ್ಲಿದ್ದರೆ ನಿಮ್ಮ ಬಜೆಟ್ ಸಮರ್ಥನೆಯ ಅರ್ಧ ಕೆಲಸ ಅಲ್ಲೇ ಆಯಿತು.

ಬಜೆಟ್: ಲೆಕ್ಕ

ಲೆಕ್ಕ ಸುಲಭವಾಗಲಿ ಎಂದು ಇಲ್ಲಿ 1 ಯೂರೋಗೆ 100 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಅರ್ಜಿಯಲ್ಲಿ ಒಂದು ನಿರ್ದಿಷ್ಟ ದಿನದ ವಿನಿಮಯ ದರ ಹಾಕಿ, ಆ ದಿನಾಂಕವನ್ನೂ ಬರೆಯಿರಿ. ಟಿಕೆಟ್, ಬಾಡಿಗೆ, ಊಟ, ವಿಮೆಯ ಮೊತ್ತಗಳು ಉದಾಹರಣೆಗೆ ಹಿಡಿದವು, ನೀವು ಹೋಗುವ ಊರಿನದನ್ನು ನೀವೇ ಹುಡುಕಬೇಕು.

| ಖರ್ಚು | ಲೆಕ್ಕ | ಯೂರೋ |
|---|---|---|
| ವಿಮಾನ, ಬೆಂಗಳೂರು–ಬರ್ಲಿನ್ ಹೋಗಿ ಬರಲು | 70,000 ರೂ. | 700 |
| ಮಂಡ್ಯ–ವಿಮಾನ ನಿಲ್ದಾಣ, ಬರ್ಲಿನ್–ಡ್ರೆಸ್ಡೆನ್ | 30 + 50 | 80 |
| ವೀಸಾ ಶುಲ್ಕ ಮತ್ತು ಕೇಂದ್ರದ ಸೇವಾ ಶುಲ್ಕ | 90 + 20 | 110 |
| ವಿಮೆ | 87 ದಿನಕ್ಕೆ | 90 |
| ಮೊದಲ ಎರಡು ರಾತ್ರಿ ಹಾಸ್ಟೆಲ್ | 2 × 35 | 70 |
| ಕೋಣೆ ಬಾಡಿಗೆ | 3 × 380 | 1,140 |
| ಬಸ್, ಟ್ರಾಮ್, ರೈಲು ಪಾಸ್ | 3 × 63 | 189 |
| ಊಟ | 87 × 9 | 783 |
| ಒಟ್ಟು | | 3,162 |

ಇದಿಷ್ಟೇ ಕಳಿಸಿದರೆ ಅದು ಬಜೆಟ್ ಮಾತ್ರ. ಸಮರ್ಥನೆ ಎಂದರೆ ಪ್ರತಿ ಸಾಲಿನ ಕೆಳಗೆ ಒಂದೆರಡು ವಾಕ್ಯ: ಹೇಗೆ ಎಣಿಸಿದೆ, ಯಾವ ದರ ನೋಡಿದೆ, ಇದಕ್ಕಿಂತ ಕಡಿಮೆಯಲ್ಲಿ ಯಾಕೆ ಆಗುವುದಿಲ್ಲ.

ಬಾಡಿಗೆಯ ಸಾಲನ್ನೇ ನೋಡಿ. 12 ವಾರದ ಕೆಲಸಕ್ಕೆ 3 ತಿಂಗಳ ಬಾಡಿಗೆ ಯಾಕೆ ಎಂಬ ಪ್ರಶ್ನೆ ಸಮಿತಿಗೆ ಬಂದೇ ಬರುತ್ತದೆ. ಉತ್ತರ ಅವಳ ಸಮರ್ಥನೆಯಲ್ಲಿ ಹೀಗಿದೆ: "ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ. ಬಾಡಿಗೆ ಕ್ಯಾಲೆಂಡರ್ ತಿಂಗಳಿಗೆ, ಅರ್ಧ ತಿಂಗಳಿಗೆ ಕೊಡುವುದಿಲ್ಲ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು. ಸೆಪ್ಟೆಂಬರ್ 20ರಂದು ನೋಡಿದ ಮೂರು ಜಾಹೀರಾತುಗಳ ನಡುವಿನ ದರ ಹಾಕಿದ್ದೇನೆ, ಪ್ರತಿ ಲಗತ್ತಿಸಿದೆ. ಕೋಣೆ ಮಾರ್ಚ್ 1ಕ್ಕೆ ಸಿಗುವುದರಿಂದ ಅದಕ್ಕೆ ಮೊದಲಿನ ಎರಡು ರಾತ್ರಿ ಹಾಸ್ಟೆಲ್." ಹಾಸ್ಟೆಲ್ ಸಾಲು ಯಾಕೆ ಬಂತು ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು.

ಮನೆ ಮಾಲೀಕರು ಕೇಳುವ ಮುಂಗಡ ಠೇವಣಿಯನ್ನು ಖರ್ಚಿನಲ್ಲಿ ಸೇರಿಸಬೇಡಿ. ಅದು ವಾಪಸ್ ಬರುವ ಹಣ, ಅನುದಾನದಿಂದ ಕೇಳಿದರೆ ತೆಗೆದುಹಾಕುತ್ತಾರೆ. ಆದರೆ ಕೈಯಲ್ಲಿ ಆ ಹಣ ಇರಲೇಬೇಕು. ಜರ್ಮನಿಯ ಕಾನೂನಿನಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಇರಬಹುದು. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ಮಾತಾಡಬೇಕಾದ ಮೊತ್ತ ಇದು. ಸ್ಕಾಲರ್‌ಶಿಪ್ ಬಂದರೂ ಮೊದಲ ತಿಂಗಳ ಹಣ ಕೆಲವೊಮ್ಮೆ ಅಲ್ಲಿ ಹೋದ ಮೇಲೆಯೇ ಕೈಸೇರುತ್ತದೆ.

ಪಾಸ್‌ನ ಸಾಲು: ಜರ್ಮನಿಯ ಡಾಯ್ಚ್‌ಲಾಂಡ್‌ಟಿಕೆಟ್ 2026ರಲ್ಲಿ ತಿಂಗಳಿಗೆ 63 ಯೂರೋ, ಊರಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ ಸಾಕು. ಅದು ಕ್ಯಾಲೆಂಡರ್ ತಿಂಗಳಿಗೆ ಸಿಗುವ ಪಾಸ್. ಫೆಬ್ರವರಿ 27ರಂದು ಬರ್ಲಿನ್‌ನಿಂದ ಡ್ರೆಸ್ಡೆನ್‌ಗೆ ಹೋಗುವಾಗ ಮಾರ್ಚ್ ಪಾಸ್ ನಡೆಯದು, ಅದಕ್ಕೇ ಬೇರೆ 50 ಯೂರೋ. ಇಂಥ ಸಣ್ಣ ವಿವರ ನೋಡಿದಾಗ ಈ ಹುಡುಗಿ ನಿಜವಾಗಿ ಕೂತು ಲೆಕ್ಕ ಹಾಕಿದ್ದಾಳೆ ಎಂದು ಓದುವವರಿಗೆ ಗೊತ್ತಾಗುತ್ತದೆ.

ವಿಮೆಗೆ ಕಡಿಮೆ ಬೆಲೆಯದನ್ನು ಹುಡುಕುವ ಮೊದಲು ಷೆಂಗೆನ್ ವೀಸಾದ ಷರತ್ತು ನೋಡಿ: ಕನಿಷ್ಠ 30,000 ಯೂರೋ ರಕ್ಷಣೆ, ಇರುವ ಎಲ್ಲ ದಿನಗಳಿಗೂ. ವಿಮೆ 84 ದಿನಕ್ಕೆ, ವಾಸ 87 ದಿನಕ್ಕೆ ಎಂದಾದರೆ ವೀಸಾ ಕೌಂಟರಿನಲ್ಲೇ ತೊಂದರೆ.

ವಿಮಾನಕ್ಕೆ ಒಂದೇ ದಿನ ನೋಡಿದ ಮೂರು ದರಗಳ ಪ್ರತಿ ಇಟ್ಟು ಮಧ್ಯದ್ದನ್ನು ಹಾಕಿ. ಟಿಕೆಟ್ ಮಾತ್ರ ಈಗ ಕೊಳ್ಳಬೇಡಿ. ಮಂಜೂರಾತಿಗೆ ಮೊದಲು ಮಾಡಿದ ಖರ್ಚನ್ನು ತುಂಬ ಕಡೆ ಒಪ್ಪುವುದಿಲ್ಲ, ವೀಸಾ ಸಿಗದಿದ್ದರೆ ಹಣವೂ ಹೋಗುತ್ತದೆ. "ಇತರೆ: 20,000" ಎಂಬ ಸಾಲು ಎಂದೂ ಬೇಡ. ಆ ಇತರೆಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿದ್ದರೆ ಅದರ ಹೆಸರನ್ನೇ ಬರೆಯಿರಿ, ಗೊತ್ತಿಲ್ಲದಿದ್ದರೆ ಕೇಳಬೇಡಿ.

ಯಾರ ಹಣ ಯಾವುದಕ್ಕೆ

ಒಟ್ಟು ಖರ್ಚನ್ನೇ ಕೇಳುವುದು ಸಾಮಾನ್ಯವಾಗಿ ಕಾಣುವ ದೋಷ. ಅವಳ ಒಟ್ಟು 3,162 ಯೂರೋ. ಲ್ಯಾಬ್ ಕೊಡುವುದು 3 × 450, ಅಂದರೆ 1,350. ಮನೆಯಿಂದ 50,000 ರೂಪಾಯಿ, ಅಂದರೆ 500. ಉಳಿಯುವ ಕೊರತೆ 1,312 ಯೂರೋ, ಸುಮಾರು 1,31,200 ರೂಪಾಯಿ. ಕೇಳಬೇಕಾದದ್ದು ಇಷ್ಟನ್ನೇ, ದುಂಡಗೆ ಒಂದೂವರೆ ಲಕ್ಷ ಅಲ್ಲ.

ಆಮೇಲೆ ಒಂದೊಂದು ಮೂಲದ ಹಣವನ್ನು ಒಂದೊಂದು ಸಾಲಿಗೆ ಕಟ್ಟಿ. ಲ್ಯಾಬ್‌ನ 1,350ರಲ್ಲಿ ಬಾಡಿಗೆ 1,140, ಪಾಸ್ 189, ಮಿಕ್ಕಿದ್ದು 21. ಮನೆಯ 500ಕ್ಕೆ ಆ 21 ಸೇರಿ 521: ನೆಲದ ಮೇಲಿನ ಪ್ರಯಾಣ 80, ಹಾಸ್ಟೆಲ್ 70, ಮಿಕ್ಕ 371 ಊಟಕ್ಕೆ. ಟ್ರಸ್ಟ್‌ನಿಂದ ಕೇಳುವುದು ವಿಮಾನ 700, ವೀಸಾ 110, ವಿಮೆ 90, ಊಟದ ಬಾಕಿ 412. ಕೂಡಿದರೆ 1,312. ಯಾವ ಸಾಲಿಗೂ ಎರಡು ಕಡೆಯಿಂದ ಹಣ ಇಲ್ಲ, ಯಾವ ಸಾಲೂ ಅನಾಥ ಅಲ್ಲ.

ಊಟಕ್ಕೆ ಕೊಡುವುದಿಲ್ಲ ಎಂಬ ನಿಯಮ ಆ ಟ್ರಸ್ಟ್‌ಗಿದ್ದರೆ 900 ಮಾತ್ರ ಕೇಳಿ, 412 ಎಲ್ಲಿಂದ ತರುತ್ತೀರಿ ಎಂದು ಬರೆಯಿರಿ. ಲ್ಯಾಬ್ ಕೊಡುವ ಹಣವನ್ನು ಮುಚ್ಚಿಟ್ಟರೆ ಹೆಚ್ಚು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಹ್ವಾನ ಪತ್ರ ಅರ್ಜಿಯಲ್ಲೇ ಇರುತ್ತದೆ, ಅದರಲ್ಲಿ ಮೊತ್ತವೂ ಇರುತ್ತದೆ. ಬೇರೆ ಕಡೆಯೂ ಅರ್ಜಿ ಹಾಕಿದ್ದರೆ ಅದನ್ನೂ ಬರೆಯಿರಿ: "ಅಲ್ಲಿಂದಲೂ ಪ್ರಯಾಣದ ಹಣ ಬಂದರೆ ಇಲ್ಲಿನ ಆ ಸಾಲನ್ನು ಬಿಟ್ಟುಕೊಡುತ್ತೇನೆ" ಎಂಬ ಒಂದು ವಾಕ್ಯ ಸಾಕು.

ಮನೆಯಿಂದ 50,000ಕ್ಕಿಂತ ಹೆಚ್ಚು ಯಾಕೆ ಆಗದು ಎಂಬುದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಇಡಬೇಕಾಗಬಹುದು. ವಿದೇಶಿ ಸಮಿತಿಗಾದರೆ ಕನ್ನಡದ ಪ್ರತಿಯ ಜೊತೆ ಇಂಗ್ಲಿಷ್ ಅನುವಾದವೂ ಬೇಕು. ಕಬ್ಬಿನ ಬಿಲ್ಲಿನ ಮೇಲೆ ಮನೆ ನಡೆಸುವ ಕುಟುಂಬವಾದರೆ ಅದನ್ನೂ ಒಂದು ವಾಕ್ಯದಲ್ಲಿ ಹೇಳಿ: ಆದಾಯ ತಿಂಗಳಿಗೊಮ್ಮೆ ಅಲ್ಲ, ಕಾರ್ಖಾನೆ ಬಿಲ್ ಕೊಟ್ಟಾಗ. ಇದು ಗೋಳು ತೋಡಿಕೊಳ್ಳುವುದಲ್ಲ, ಹಣ ಯಾವಾಗ ಕೈಗೆ ಬರುತ್ತದೆ ಎಂಬ ಮಾಹಿತಿ.

ಶಿಫಾರಸು ಪತ್ರ: ಯಾರಿಂದ, ಯಾವಾಗ

ಎರಡು ಪತ್ರ ಕೇಳಿದ್ದಾರೆ ಎಂದರೆ ಒಂದೇ ಮಾತನ್ನು ಇಬ್ಬರಿಂದ ಹೇಳಿಸುವುದಲ್ಲ. ಒಂದು, ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದ ಪ್ರಾಜೆಕ್ಟ್ ಗೈಡ್‌ನಿಂದ. ಇನ್ನೊಂದು ಎಚ್‌ಒಡಿ ಅಥವಾ ಡೀನ್ ಅವರಿಂದ: ಈ 12 ವಾರ ಹೋಗಲು ಕಾಲೇಜು ಒಪ್ಪಿದೆ, ಕ್ರೆಡಿಟ್ ಕೊಡುತ್ತದೆ, ಈ ಪ್ರಯಾಣಕ್ಕೆ ಕಾಲೇಜಿನಲ್ಲಿ ಹಣ ಇಲ್ಲ ಎಂದು ಹೇಳಬಲ್ಲವರು ಅವರೇ. ಪ್ರಾಂಶುಪಾಲರ ಪತ್ರ ದೊಡ್ಡದು ಎಂದು ಅವರ ಹತ್ತಿರ ಹೋಗುವ ಮಕ್ಕಳಿದ್ದಾರೆ. ಅವರಿಗೆ ನಿಮ್ಮ ಪರಿಚಯವೇ ಇಲ್ಲದಿದ್ದರೆ "ಒಳ್ಳೆಯ ನಡತೆಯ ವಿದ್ಯಾರ್ಥಿನಿ" ಎಂಬುದರ ಆಚೆಗೆ ಏನು ಬರೆದಾರು?

ಸಮಯದ ವಿಷಯದಲ್ಲಿ ಕ್ರಮ ಮುಖ್ಯ. ಆಹ್ವಾನ ಪತ್ರ ಮೊದಲು, ಆಮೇಲೆ ಒಂದು ಪುಟದ ಯೋಜನೆ, ಆಮೇಲೆ ಬಜೆಟ್ ಕರಡು, ಕೊನೆಗೆ ಪತ್ರ ಬರೆಯುವವರು. ಆಹ್ವಾನ ಬರುವ ಮೊದಲೇ ಪತ್ರ ಬರೆಸಿಟ್ಟುಕೊಂಡರೆ ಅದರಲ್ಲಿ ಲ್ಯಾಬ್‌ನ ಹೆಸರೂ ಇರುವುದಿಲ್ಲ, ವಾರಗಳೂ ಇರುವುದಿಲ್ಲ. ಆಹ್ವಾನಕ್ಕಿಂತ ಹಿಂದಿನ ದಿನಾಂಕದ ಪತ್ರ ನೋಡಿದರೆ ಇದು ಯಾವುದಕ್ಕೋ ಬರೆಸಿದ್ದು ಎಂದು ಸಮಿತಿಗೆ ತಿಳಿಯುತ್ತದೆ.

2026ರ ಕ್ಯಾಲೆಂಡರ್ ನೋಡಿ. ಅಕ್ಟೋಬರ್ 15 ಗುರುವಾರ. ಆದರೆ ಅಕ್ಟೋಬರ್ 11ಕ್ಕೆ ನವರಾತ್ರಿ ಶುರು, 20ರ ಸುಮಾರಿಗೆ ವಿಜಯದಶಮಿ. ಆ ವಾರ ಮೈಸೂರಿನಲ್ಲಿ ಯಾರನ್ನು ಹಿಡಿಯುವುದೂ ಕಷ್ಟ: ಅರ್ಧ ಸಿಬ್ಬಂದಿ ಊರಿಗೆ ಹೋಗಿರುತ್ತಾರೆ, ಕಚೇರಿಯ ಸೀಲು ಬೀರುವಿನೊಳಗಿರುತ್ತದೆ. ಹಾಗಾಗಿ ನಿಮ್ಮ ನಿಜವಾದ ಕೊನೆಯ ದಿನ ಅಕ್ಟೋಬರ್ 8. ಅಲ್ಲಿಂದ ಹಿಂದಕ್ಕೆ ಎಣಿಸಿ. ಗೌರಿ ಗಣೇಶ ಹಬ್ಬ ಸೆಪ್ಟೆಂಬರ್ ಮಧ್ಯದಲ್ಲಿ, ಅದರ ಹಿಂದೆ ಮುಂದೆ ಇಂಟರ್ನಲ್ ಟೆಸ್ಟ್‌ಗಳು. ಕೇಳಬೇಕಾದದ್ದು ಸೆಪ್ಟೆಂಬರ್ ಮೊದಲ ವಾರ.

ಮೊದಲು ಖುದ್ದಾಗಿ ಹೋಗಿ ಕೇಳಿ, ಆಮೇಲೆ ಮೇಲ್. ಹೀಗೆ ಕೇಳಬಹುದು: "ಮೇಡಂ, ಡ್ರೆಸ್ಡೆನ್‌ನಿಂದ 12 ವಾರಕ್ಕೆ ಆಹ್ವಾನ ಬಂದಿದೆ. ಪ್ರಯಾಣದ ಹಣಕ್ಕೆ ಅರ್ಜಿ ಹಾಕುತ್ತಿದ್ದೇನೆ. ಐದನೇ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ನಲ್ಲಿ ನನ್ನ ಕೆಲಸ ನೀವು ನೋಡಿದ್ದೀರಿ. ಅದರ ಬಗ್ಗೆ ವಿವರವಾಗಿ ಬರೆದುಕೊಡಲು ನಿಮಗೆ ಆಗುತ್ತದೆಯೇ? ಅಕ್ಟೋಬರ್ 8ರೊಳಗೆ ಬೇಕು." 'ಆಗುತ್ತದೆಯೇ' ಎಂದು ಕೇಳಿದಾಗ ಅವರು ಸ್ವಲ್ಪ ತಡೆದು "ನೋಡೋಣ ಬಿಡಮ್ಮ" ಎಂದರೆ ಬೇರೆಯವರನ್ನು ಕೇಳುವುದೇ ಒಳ್ಳೆಯದು. ಒಲ್ಲದ ಮನಸ್ಸಿನ ಪತ್ರ ಓದುವವರಿಗೆ ಗೊತ್ತಾಗುತ್ತದೆ. ಸೆಪ್ಟೆಂಬರ್ ಮೊದಲ ವಾರವಾದರೆ ಬೇರೆಯವರನ್ನು ಕೇಳಲು ಸಮಯವೂ ಇರುತ್ತದೆ.

ಒಪ್ಪಿದ ಮರುದಿನವೇ ಒಂದೇ ಮೇಲ್‌ನಲ್ಲಿ ಎಲ್ಲ ಕಳಿಸಿ: ಆಹ್ವಾನ ಪತ್ರ, ಒಂದು ಪುಟದ ಯೋಜನೆ, ಅಂಕಪಟ್ಟಿ, ಪತ್ರ ಹೇಗೆ ಸಲ್ಲಿಸಬೇಕು ಎಂಬ ವಿವರ. ಇದರ ಜೊತೆ, ಅವರ ಬಳಿ ನೀವು ಮಾಡಿದ ಒಂದೆರಡು ಕೆಲಸವನ್ನು ನೆನಪಿಸುವ ಎರಡು ಮೂರು ಸಾಲು. "ಸೆನ್ಸರ್ ರೀಡಿಂಗ್ ಮಧ್ಯಾಹ್ನ ಮಾತ್ರ ತಪ್ಪುತ್ತಿತ್ತು, ಮೂರು ದಿನದ ಡೇಟಾ ತೆಗೆದು ಬಿಸಿಲಿಗೆ ಸರ್ಕ್ಯೂಟ್ ಬಿಸಿಯಾಗುವುದೇ ಕಾರಣ ಎಂದು ಕಂಡುಹಿಡಿದೆ" ಎಂಬಂಥದ್ದು. ನಾನು ಪತ್ರ ಬರೆಯುವಾಗ ಹುಡುಕುವುದು ಇಂಥದ್ದನ್ನೇ. ಹತ್ತಾರು ಮಕ್ಕಳ ನಡುವೆ ಅದು ನೆನಪಿರುವುದಿಲ್ಲ, ನೆನಪಿಸಿದರೆ ಒಂದು ಪ್ಯಾರಾ ತಾನಾಗಿ ಬರುತ್ತದೆ. ಇಡೀ ಪತ್ರವನ್ನೇ ಬರೆದುಕೊಂಡು ಬಂದು "ಸೈನ್ ಮಾಡಿ ಸರ್" ಎನ್ನುವುದು ನಮ್ಮಲ್ಲಿ ನಡೆದು ಬಂದಿದೆ. ದಯವಿಟ್ಟು ಬೇಡ. ಎರಡೂ ಪತ್ರ ಒಂದೇ ಕೈಯವು ಎಂದು ಭಾಷೆಯೇ ಹೇಳಿಬಿಡುತ್ತದೆ.

ಪೋರ್ಟಲ್ ಮೂಲಕ ಪತ್ರ ಕೇಳುವ ಕಡೆ ಶಿಕ್ಷಕರ ಹೆಸರು, ಮೇಲ್ ವಿಳಾಸ ಕೊಟ್ಟ ಕೂಡಲೇ ಅವರಿಗೆ ಒಂದು ಲಿಂಕ್ ಹೋಗುತ್ತದೆ. ಕಾಲೇಜಿನ ಅಧಿಕೃತ ವಿಳಾಸವನ್ನೇ ಕೊಡಿ, ಖಾಸಗಿ ವಿಳಾಸವನ್ನು ತುಂಬ ಕಡೆ ಒಪ್ಪುವುದಿಲ್ಲ. ಆ ವಿಳಾಸ ಅವರು ನಿಜವಾಗಿ ತೆರೆದು ನೋಡುವುದೇ ಎಂದು ಕೇಳಿಕೊಳ್ಳಿ. ಲಿಂಕ್ ಕಳಿಸಿದ ದಿನವೇ ಹೋಗಿ "ಬಂದಿದೆಯಾ ಸರ್, ಸ್ಪ್ಯಾಮ್‌ನಲ್ಲೂ ಒಮ್ಮೆ ನೋಡ್ತೀರಾ?" ಎಂದು ವಿಚಾರಿಸಿ. ಅರ್ಜಿಯ ಬಾಕಿ ಭಾಗ ಮುಗಿಯಲಿ ಎಂದು ಕಾಯಬೇಡಿ, ಪೋರ್ಟಲ್‌ನಲ್ಲಿ ಅವಕಾಶವಿದ್ದರೆ ಶಿಕ್ಷಕರ ವಿವರವನ್ನೇ ಮೊದಲು ತುಂಬಿ. ನೆನಪಿಸುವುದು ಎರಡು ಸಲ ಸಾಕು: ಸೆಪ್ಟೆಂಬರ್ ಕೊನೆಗೆ ಒಮ್ಮೆ, ಅಕ್ಟೋಬರ್ 5ರ ಸುಮಾರಿಗೆ ಇನ್ನೊಮ್ಮೆ. ಅದರ ನಡುವೆ ಯೋಜನೆಯ ದಿನಾಂಕ ಬದಲಾದರೆ ಮಾತ್ರ ತಡಮಾಡದೆ ತಿಳಿಸಿ, ಅವರ ಕರಡಿನಲ್ಲಿ ಹಳೆಯ ವಾರವೇ ಉಳಿದಿರುತ್ತದೆ.

ಸಲ್ಲಿಸುವ ಮೊದಲು, ಸಲ್ಲಿಸಿದ ಮೇಲೆ

ಸಲ್ಲಿಸುವ ಹಿಂದಿನ ದಿನ ನಿಮ್ಮ ಕೈಯಲ್ಲಿರುವ ಎಲ್ಲ ಕಾಗದಗಳಲ್ಲಿ ದಿನಾಂಕ, ವಾರ, ಮೊತ್ತ ಮಾತ್ರ ಓದುತ್ತಾ ಹೋಗಿ. ಗುಟ್ಟಾಗಿ ಹೋಗುವ ಶಿಫಾರಸು ಪತ್ರವನ್ನು ನೀವು ನೋಡುವಂತಿಲ್ಲ, ಆದ್ದರಿಂದಲೇ ಮೊದಲಿಗೆ ಅವರಿಗೆ ಸರಿಯಾದ ಯೋಜನೆ ಕೊಟ್ಟಿರಬೇಕು.

ಪಾಸ್‌ಪೋರ್ಟ್ ಇಲ್ಲದವರು ಅರ್ಜಿಯ ಜೊತೆಗೇ ಅದಕ್ಕೂ ಹಾಕಿ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಮೈಸೂರಿನಲ್ಲೇ ಇದೆ, 2017ರ ಜನವರಿಯಲ್ಲಿ ದೇಶದಲ್ಲಿ ಮೊದಲಿಗೆ ಶುರುವಾದ ಕೇಂದ್ರಗಳಲ್ಲಿ ಅದೂ ಒಂದು. ಪೊಲೀಸ್ ಪರಿಶೀಲನೆಗೆ ಮಂಡ್ಯದ ಮನೆಯ ವಿಳಾಸ ಕೊಟ್ಟಿದ್ದರೆ ಆ ಸಮಯದಲ್ಲಿ ಅಲ್ಲಿ ಸಿಗುವಂತಿರಿ. ಷೆಂಗೆನ್ ವೀಸಾಗೆ ಪಾಸ್‌ಪೋರ್ಟ್, ನೀವು ಅಲ್ಲಿಂದ ಹೊರಡುವ ದಿನದ ಮೇಲೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಅಲ್ಪಾವಧಿ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಆಗಬಹುದು. ಫೆಬ್ರವರಿ 27ಕ್ಕೆ ಅಲ್ಲಿರಬೇಕಾದವಳು ಡಿಸೆಂಬರ್ ಕೊನೆಯೊಳಗೆ ಬೆಂಗಳೂರಿನ ಕೇಂದ್ರದಲ್ಲಿ ಅರ್ಜಿ ಕೊಟ್ಟಿದ್ದರೆ ನಿರಾಳ.

ಟ್ರಸ್ಟ್ 1,312ರ ಬದಲು 900 ಯೂರೋ ಮಂಜೂರು ಮಾಡಿದರೆ ಸುಮ್ಮನೆ ಒಪ್ಪಿ ಹೋಗಬೇಡಿ. 900 ಯಾವ ಸಾಲಿಗೆ ಎಂದು ಕೇಳಿ, ಅದರ ಪ್ರಕಾರ ಬಜೆಟ್ ತಿದ್ದಿ ಕಳಿಸಿ. ನಮ್ಮ ಉದಾಹರಣೆಯಲ್ಲಿ ಅದು ವಿಮಾನ, ವೀಸಾ, ವಿಮೆಗೆ ಸರಿಯಾಗುತ್ತದೆ, ಊಟದ 412 ಬಾಕಿ. ಆಗ ಲ್ಯಾಬ್‌ಗೆ ಬರೆದು ಮೊತ್ತ ಸ್ವಲ್ಪ ಹೆಚ್ಚಿಸಲು ಆಗುತ್ತದೆಯೇ ಎಂದು ವಿಚಾರಿಸಬಹುದು, ತಿದ್ದಿದ ಬಜೆಟ್ ಜೊತೆಗಿಟ್ಟು. ಅದೂ ಆಗದೆ ಅವಧಿಯನ್ನೇ 12ರಿಂದ 10 ವಾರಕ್ಕೆ ಇಳಿಸುವುದಾದರೆ ಊಟದ ಖರ್ಚು ಕಡಿಮೆಯಾಗುತ್ತದೆ, ಆದರೆ ವಿಟಿಯುನ 14 ವಾರಕ್ಕೆ ಇಲ್ಲಿ 4 ವಾರ ತುಂಬಬೇಕು. ಹಾಗಾಗಿ ಟಿಕೆಟ್ ಕೊಳ್ಳುವ ಮೊದಲು ಎಚ್‌ಒಡಿಯಿಂದ ಹೊಸ ಒಪ್ಪಿಗೆ ಪತ್ರ, ಲ್ಯಾಬ್‌ನಿಂದ ಹೊಸ ದಿನಾಂಕದ ಆಹ್ವಾನ ಎರಡನ್ನೂ ತರಿಸಿಕೊಳ್ಳಿ, ವೀಸಾ ಕೇಂದ್ರಕ್ಕೆ ಹೋಗುವುದು ಆ ಹೊಸ ಪತ್ರದ ಜೊತೆಗೇ.